ಹತ್ತು ಹುಡುಗರಿದ್ದರೂ ಅರಬ್ಬಿಯಲ್ಲಿ ಕ್ರಿಯಾಪದ ಏಕವಚನ ಯಾಕೆ?

ಪ್ರಶ್ನೆ: ಅರಬ್ಬಿ ಪಾಠದಲ್ಲಿ 'ದಖಲ ಅತ್ತುಲ್ಲಾಬು' ಅಂತ ಇತ್ತು. 'ವಿದ್ಯಾರ್ಥಿಗಳು ಒಳಗೆ ಬಂದರು' ಅಂತ ಅರ್ಥ. ಆದರೆ 'ದಖಲ' ಅಂದರೆ 'ಒಳಗೆ ಬಂದನು' ಅಲ್ವಾ? ಇದು ಅಚ್ಚಿನ ತಪ್ಪಾ?

ಉತ್ತರ: ತಪ್ಪಲ್ಲ, ಅದೇ ಸರಿ. ಹೆಸರನ್ನು ಮುಂದಕ್ಕೆ ತಂದು ನೋಡಿ: 'ಅತ್ತುಲ್ಲಾಬು ದಖಲೂ'. ಅರ್ಥ ಹೆಚ್ಚುಕಡಿಮೆ ಅದೇ. ಆದರೆ 'ದಖಲ' ಹೋಗಿ ಬಹುವಚನದ 'ದಖಲೂ' ಬಂತು. ಕನ್ನಡದಲ್ಲಿ 'ಹುಡುಗರು ಬಂದರು' ಅನ್ನಿ, 'ಬಂದರು ಹುಡುಗರು' ಅನ್ನಿ, 'ಬಂದರು' ಹಾಗೇ ಇರುತ್ತದೆ. ಹಾಗಾಗಿ ನಮಗೆ ಇದು ವಿಚಿತ್ರ ಅನಿಸುತ್ತದೆ.

ಕ್ರಿಯಾಪದದಿಂದ ಶುರುವಾಗುವ ವಾಕ್ಯವನ್ನು ಅರಬ್ಬಿ ವ್ಯಾಕರಣದಲ್ಲಿ 'ಜುಮ್ಲ ಫಿಅಲಿಯ್ಯ' ಅನ್ನುತ್ತಾರೆ, ಹೆಸರಿನಿಂದ ಶುರುವಾದರೆ 'ಜುಮ್ಲ ಇಸ್ಮಿಯ್ಯ'. ಗುಟ್ಟು ಇರುವುದು 'ದಖಲೂ' ಪದದ ಕೊನೆಯ 'ಊ'ನಲ್ಲಿ. ನಾವು ಅದನ್ನು ಸುಮ್ನೆ ಬಹುವಚನದ ಬಾಲ ಅಂದುಕೊಳ್ಳುತ್ತೇವೆ. ಅರಬ್ಬಿ ವೈಯಾಕರಣರ ಪ್ರಕಾರ ಅದು 'ಅವರು' ಎನ್ನುವ ಸರ್ವನಾಮ, ಅಂದರೆ ಅದೇ ಕರ್ತೃ. ಒಂದು ಕ್ರಿಯಾಪದಕ್ಕೆ ಒಬ್ಬನೇ ಕರ್ತೃ. 'ದಖಲ ಅತ್ತುಲ್ಲಾಬು'ನಲ್ಲಿ ಕರ್ತೃ ಕ್ರಿಯಾಪದದ ಹಿಂದೆಯೇ ಬಂದಾಗಿದೆ, ಇನ್ನು 'ಊ'ಗೆ ಜಾಗವಿಲ್ಲ. ಹೆಸರು ಮೊದಲೇ ಬಂದರೆ ಅದು ವಿಷಯ ಮಾತ್ರ, ಮುಂದಿನ 'ದಖಲೂ' ತನ್ನಷ್ಟಕ್ಕೆ ಪೂರ್ತಿ ವಾಕ್ಯ: 'ವಿದ್ಯಾರ್ಥಿಗಳು, ಅವರು ಒಳಗೆ ಬಂದರು' ಅಂದ ಹಾಗೆ.

ಇದು ಹಿಡಿತಕ್ಕೆ ಸಿಕ್ಕಿತಾ ಅಂತ ನೋಡಲು 'ವಿದ್ಯಾರ್ಥಿಗಳು ಒಳಗೆ ಬಂದು ಕುಳಿತರು' ಎನ್ನುವುದನ್ನು ಅರಬ್ಬಿಯಲ್ಲಿ ಹೇಳಿ. ಉತ್ತರ 'ದಖಲ ಅತ್ತುಲ್ಲಾಬು ವ ಜಲಸೂ'. ಮೊದಲ ಕ್ರಿಯಾಪದ ಏಕವಚನ, ಎರಡನೆಯದು ಬಹುವಚನ. 'ಕುಳಿತ' ಅನ್ನುವ ಹೊತ್ತಿಗೆ ಹೆಸರು ಬಂದುಹೋಗಿದೆ, ಹಾಗಾಗಿ ಈಗ 'ಅವರು' ಬೇಕು. ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. ಎರಡನ್ನೂ ಒಂದೇ ಥರ ಮಾಡಿಬಿಡುತ್ತಾರೆ.

ಲಿಂಗಕ್ಕೆ ಈ ರಿಯಾಯಿತಿ ಇಲ್ಲ. ವಿದ್ಯಾರ್ಥಿನಿಯರಾದರೆ 'ದಖಲತ್ ಅತ್ತಾಲಿಬಾತು', ಏಕವಚನವೇ, ಆದರೆ ಸ್ತ್ರೀಲಿಂಗದ 'ತ್' ಸೇರಿಕೊಂಡಿತು. (ಓದುವಾಗ ಪದಗಳು ಕೂಡಿಕೊಂಡು 'ದಖಲತಿತ್ತಾಲಿಬಾತು' ಅಂತ ಕೇಳಿಸುತ್ತದೆ.) ಹೆಸರು ಮುಂದೆ ಬಂದರೆ 'ಅತ್ತಾಲಿಬಾತು ದಖಲ್ನ'. ಇನ್ನು ಕಾರು, ಪುಸ್ತಕದಂಥ ವಸ್ತುಗಳ ಬಹುವಚನಕ್ಕೆ ಎಲ್ಲಿಟ್ಟರೂ ಸ್ತ್ರೀಲಿಂಗ ಏಕವಚನವೇ: 'ಅಸ್ಸಯ್ಯಾರಾತು ವಸಲತ್', ಕಾರುಗಳು ಬಂದವು.

ಇದೆಲ್ಲ ಬರೆಯುವ, ಸುದ್ದಿ ಓದುವ ಅರಬ್ಬಿಯ ನಿಯಮ. ಗಲ್ಫ್‌ನಲ್ಲಿರುವ ನಮ್ಮವರು ಆಡುಮಾತಿನಲ್ಲಿ ಕ್ರಿಯಾಪದ ಮೊದಲು ಬಂದಾಗಲೂ ಬಹುವಚನ ಕೇಳಿರಬಹುದು. ಅದೇನೂ ಹೊಸದಲ್ಲ. ಹಿಂದಿನ ಕೆಲವು ಅರಬ್ ಬುಡಕಟ್ಟುಗಳೂ ಹಾಗೆ ಮಾತಾಡುತ್ತಿದ್ದವು. ಅದಕ್ಕೆ ವೈಯಾಕರಣರು ಇಟ್ಟ ಉದಾಹರಣೆಯೇ ಅದರ ಹೆಸರಾಯಿತು: 'ಅಕಲೂನೀ ಅಲ್‌ಬರಾಗೀಸ್' ಭಾಷೆ. ಅಂದರೆ, 'ನನ್ನನ್ನು ತಿಂದುಹಾಕಿದವು ಚಿಗಟಗಳು'!