ಪೇಜಿಗೆ ನಾಲ್ಕು ಜನ ಅಡ್ಮಿನ್, ಮುಚ್ಚೋದು ಯಾರು?

ಪ್ರಶ್ನೆ: ನಾವು ಮೂವರು ಪಾಲುದಾರರು ಸೇರಿ ನಡೆಸ್ತಿದ್ದ ಕೇಟರಿಂಗ್ ನಿಲ್ಲಿಸಿದ್ದೇವೆ. ಫೇಸ್‌ಬುಕ್ ಪೇಜ್ ಮಾತ್ರ ಹಾಗೇ ಉಳಿದಿದೆ, ಈಗಲೂ ಜನ ಮದುವೆ ಆರ್ಡರ್‌ಗೆ ಮೆಸೇಜ್ ಹಾಕ್ತಾರೆ. ನಾವು ಮೂವರು, ಜೊತೆಗೆ ಜಾಹೀರಾತು ನೋಡಿಕೊಳ್ತಿದ್ದ ಏಜೆನ್ಸಿ, ಇಷ್ಟು ಜನ ಅಡ್ಮಿನ್ ಇದ್ದೇವೆ. ಆದರೆ ನನಗೆ ಡಿಲೀಟ್ ಮಾಡುವ ಆಯ್ಕೆಯೇ ಕಾಣಿಸ್ತಿಲ್ಲ. ಎಲ್ಲರೂ ಒಪ್ಪಬೇಕಾ?

ಉತ್ತರ: ಎಲ್ಲರೂ ಒಪ್ಪಬೇಕಾಗಿಲ್ಲ. ಅದೇ ಇಲ್ಲಿನ ತಲೆನೋವು ಕೂಡ. ಪೇಜಿನ ಮೇಲೆ ಪೂರ್ತಿ ಹಿಡಿತ ಇರುವ ಯಾರೇ ಒಬ್ಬರು, ಉಳಿದವರನ್ನು ಒಂದು ಮಾತೂ ಕೇಳದೆ ಅಳಿಸಬಹುದು. ಪೇಜ್ ಶುರು ಮಾಡಿದವರನ್ನೇ ಹೊರಗೆ ಹಾಕಲೂಬಹುದು. ಮೊದಲು ಮಾಡಿದವರಿಗೆ ವಿಶೇಷ ಹಕ್ಕು ಅಂತ ಏನೂ ಇಲ್ಲ. ನಿಮ್ಮ ಪಾಲುದಾರಿಕೆ ಪತ್ರದಲ್ಲಿ ಏನು ಬರೆದಿದೆ ಅನ್ನೋದು ಫೇಸ್‌ಬುಕ್‌ಗೆ ಗೊತ್ತಿರೋದಿಲ್ಲ ನೋಡಿ.

ನಾವು ಎಲ್ಲರನ್ನೂ 'ಅಡ್ಮಿನ್' ಅಂತ ಒಂದೇ ಹೆಸರಲ್ಲಿ ಕರೆದುಬಿಡ್ತೇವೆ, ಆದರೆ ಒಳಗೆ ಮೂರು ಬಗೆ ಇವೆ. ಒಂದು, ಪೂರ್ತಿ ಹಿಡಿತ. ಇವರು ಪೇಜನ್ನು ಅಳಿಸಬಹುದು, ಬೇರೆಯವರನ್ನು ಸೇರಿಸಬಹುದು, ತೆಗೆಯಬಹುದು. ಎರಡು, ಅರ್ಧ ಹಿಡಿತ. ಇವರು ಪೋಸ್ಟ್ ಹಾಕ್ತಾರೆ, ಮೆಸೇಜಿಗೆ ಉತ್ತರ ಕೊಡ್ತಾರೆ, ಆದರೆ ಅಳಿಸೋ ಹಾಗಿಲ್ಲ. ಮೂರನೆಯವರು ಬರೀ ಕೆಲಸದ ಮಟ್ಟಿಗೆ ಇರುವವರು, ಉದಾಹರಣೆಗೆ ಜಾಹೀರಾತು ಹಾಕೋದಷ್ಟೇ. ನೀವು ಯಾವ ಬಗೆ ಅಂತ ಮೊದಲು ನೋಡಿಕೊಳ್ಳಿ. ನಿಮ್ಮ ಪ್ರೊಫೈಲಿನಿಂದ ಪೇಜಿಗೆ ಬದಲಾಯಿಸಿಕೊಂಡು Settings & privacy, ಅದರೊಳಗೆ Settings, ಅಲ್ಲಿ Page access ತೆರೆಯಿರಿ. ಫೇಸ್‌ಬುಕ್ ಆಗಾಗ ಮೆನುವಿನ ಜಾಗ ಬದಲಿಸ್ತಾ ಇರುತ್ತೆ, ಆದ್ದರಿಂದ ಸಿಗದಿದ್ದರೆ Settings ಒಳಗಿನ ಹುಡುಕುವ ಜಾಗದಲ್ಲಿ ಆ ಎರಡು ಪದ ಹಾಕಿ. ಬರುವ ಪಟ್ಟಿಯಲ್ಲಿ ನಿಮ್ಮ ಹೆಸರಿನ ಕೆಳಗೆ Full control ಅಂತ ಇಲ್ಲದಿದ್ದರೆ ಅಳಿಸುವ ಬಟನ್ ಕಾಣದಿರೋದು ಸರಿಯೇ. ನಿಮ್ಮ ಫೋನಿನ ದೋಷ ಅಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಗಂಟು ಇರೋ ಸಾಧ್ಯತೆ ಜಾಸ್ತಿ. ಏಜೆನ್ಸಿಗೆ ಕೆಲಸ ಒಪ್ಪಿಸಿದಾಗ ಅವರು 'ನಾವೇ ಪೇಜ್ ಸೆಟ್ ಮಾಡಿ ಕೊಡ್ತೀವಿ' ಅಂದಿರ್ತಾರೆ, ನೀವೂ ಹೂಂ ಅಂದಿರ್ತೀರಿ. ಆಗ ಅವರು ಪೇಜನ್ನು ತಮ್ಮ ಬಿಸಿನೆಸ್ ಖಾತೆಯೊಳಗೆ ಸೇರಿಸಿಕೊಂಡಿದ್ದರೆ ಮಾಲೀಕತ್ವದ ಜಾಗದಲ್ಲಿ ಅವರ ಹೆಸರೇ ಇರುತ್ತೆ. ಈ ಖಾತೆಗೆ ಫೇಸ್‌ಬುಕ್ ಈಗ ಬಿಸಿನೆಸ್ ಪೋರ್ಟ್‌ಫೋಲಿಯೋ ಅನ್ನುತ್ತೆ, ಹಳಬರು ಬಿಸಿನೆಸ್ ಮ್ಯಾನೇಜರ್ ಅಂತಲೇ ಕರೀತಾರೆ. ಒಂದು ಪೇಜಿಗೆ ಒಂದೇ ಪೋರ್ಟ್‌ಫೋಲಿಯೋ ಮಾಲೀಕ, ಉಳಿದವರೆಲ್ಲ ಆ ಮಾಲೀಕ ಕೊಟ್ಟಷ್ಟೇ ಅನುಮತಿ ಇರುವವರು, ಫೇಸ್‌ಬುಕ್ ಭಾಷೆಯಲ್ಲಿ Partner. ಸರಿಯಾಗಿ ಮಾಡಬೇಕಾಗಿದ್ದದ್ದು ಇದರ ತಿರುಗುಮುರುಗು, ಅಂದರೆ ಮಾಲೀಕತ್ವ ನಿಮ್ಮದು, ಏಜೆನ್ಸಿ ಬರೀ Partner. ಖಚಿತ ಮಾಡಿಕೊಳ್ಳಲು business.facebook.com ತೆರೆದು Settings ಒಳಗೆ Accounts, ಅಲ್ಲಿ Pages ನೋಡಿ. ನಿಮ್ಮ ಪೇಜ್ ಒತ್ತಿದರೆ Owned by ಅಂತ ಒಂದು ಸಾಲು ಬರುತ್ತೆ, ಅದರ ಮುಂದಿರುವ ಹೆಸರು ಯಾರದು ಅನ್ನೋದೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ನಿಮಗೆ ಆ ಪುಟ ನೋಡಲು ಅನುಮತಿ ಇಲ್ಲದಿದ್ದರೆ ಏಜೆನ್ಸಿಯವರಿಂದಲೇ ಅದರ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.

ಅಲ್ಲಿ ಏಜೆನ್ಸಿಯ ಹೆಸರಿದೆ ಅಂದುಕೊಳ್ಳೋಣ. ಸಿಟ್ಟಿನಲ್ಲಿ 'ನಮ್ಮ ಪೇಜ್ ನಿಮ್ಮ ಖಾತೆಯಿಂದ ಇವತ್ತೇ ತೆಗೀರಿ' ಅಂತ ಹೇಳಿಬಿಡಬೇಡಿ, ಇಲ್ಲೇ ಜನ ಎಡವೋದು. ಪೋರ್ಟ್‌ಫೋಲಿಯೋದಿಂದ ಪೇಜ್ ಹೊರಬಂದ ಕೂಡಲೇ, ಆ ಪೋರ್ಟ್‌ಫೋಲಿಯೋ ಮೂಲಕ ಅನುಮತಿ ಪಡೆದವರೆಲ್ಲರ ಅನುಮತಿಯೂ ಹೋಗುತ್ತೆ. ನೀವು ಮೂವರೂ ಅದೇ ದಾರಿಯಲ್ಲಿ ಒಳಗಿದ್ದರೆ ಮೂವರೂ ಬಾಗಿಲ ಹೊರಗೆ. ಪೇಜ್ ಜಗತ್ತಿಗೆಲ್ಲ ಕಾಣ್ತಾ ಇರುತ್ತೆ, ಬೀಗದ ಕೈ ಮಾತ್ರ ನಿಮ್ಮಲ್ಲಿ ಯಾರ ಹತ್ತಿರವೂ ಇರೋದಿಲ್ಲ.

ಆದ್ದರಿಂದ ಮೊದಲು ನಿಮಗೆ ನೇರ ಅನುಮತಿ, ಆಮೇಲೆ ಬಿಡುಗಡೆ. ಏಜೆನ್ಸಿಯಲ್ಲಿ ಪೂರ್ತಿ ಹಿಡಿತ ಇರುವವರು ಅದೇ Page access ಪುಟದಲ್ಲಿ ನಿಮ್ಮ ವೈಯಕ್ತಿಕ ಪ್ರೊಫೈಲನ್ನು ಸೇರಿಸಬೇಕು. ಸೇರಿಸುವಾಗ Allow this person to have full control ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಆನ್ ಮಾಡದೆ ಮುಂದೆ ಹೋದರೆ ನಿಮಗೆ ಅರ್ಧ ಹಿಡಿತವಷ್ಟೇ ಸಿಗೋದು, ಮತ್ತೆ ಮೊದಲಿನ ಕಥೆಯೇ. ಅವರು ಸೇರಿಸಿದ ಮೇಲೆ ನಿಮಗೆ ಆಹ್ವಾನ ಬರುತ್ತೆ, ಒಪ್ಪಿಕೊಳ್ಳೋವರೆಗೂ ಏನೂ ಆಗಲ್ಲ. ಒಪ್ಪಿಕೊಂಡು ನಿಮ್ಮ ಹೆಸರಿನ ಕೆಳಗೆ Full control ಕಾಣಿಸಿದ ಮೇಲೆ ಮಾತ್ರ ಪೋರ್ಟ್‌ಫೋಲಿಯೋದಿಂದ ತೆಗೆಯಲು ಹೇಳಿ. ಏಜೆನ್ಸಿಗೆ ಇಷ್ಟು ಬರೆದು ಮೇಲ್ ಮಾಡಿ ಸಾಕು:

'ನಮ್ಮ ಕೇಟರಿಂಗ್ ಪೇಜನ್ನು ಮುಚ್ಚುತ್ತಿದ್ದೇವೆ. ದಯವಿಟ್ಟು ನನ್ನ ಪ್ರೊಫೈಲಿಗೆ ಪೂರ್ತಿ ಹಿಡಿತ ಕೊಡಿ. ನಾನು ಒಪ್ಪಿಕೊಂಡೆ ಅಂತ ತಿಳಿಸಿದ ಮೇಲೆ ಪೇಜನ್ನು ನಿಮ್ಮ ಪೋರ್ಟ್‌ಫೋಲಿಯೋದಿಂದ ತೆಗೆಯಿರಿ. ನಡೆಯುತ್ತಿರುವ ಜಾಹೀರಾತು ಇದ್ದರೆ ಇವತ್ತೇ ನಿಲ್ಲಿಸಿ.'

ಫೋನಿನಲ್ಲಿ ಎಷ್ಟೇ ಚೆನ್ನಾಗಿ ಮಾತಾಡಿದರೂ ಇದನ್ನು ಬರಹದಲ್ಲಿ ಇಡಿ. ಬಾಕಿ ಬಿಲ್ ಇದ್ದರೆ ಅದನ್ನೂ ಮೊದಲು ಮುಗಿಸಿಕೊಳ್ಳಿ, ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತೆ. ಏಜೆನ್ಸಿಯವರಿಂದ ಒಂದು ಉತ್ತರ ಬರಬಹುದು: 'ಈ ಪೇಜನ್ನು ತೆಗೆಯಕ್ಕೆ ಬರ್ತಿಲ್ಲ ಸರ್' ಅಂತ. ಅದು ಯಾವಾಗಲೂ ನೆಪ ಅಲ್ಲ. ಆ ಪೋರ್ಟ್‌ಫೋಲಿಯೋಗೆ ನಿಮ್ಮ ಪೇಜೇ ಮುಖ್ಯ ಪೇಜ್ ಅಂತ ಗುರುತಾಗಿದ್ದರೆ, ಅವರು ಮೊದಲು ಬೇರೊಂದು ಪೇಜನ್ನು ಮುಖ್ಯ ಮಾಡಬೇಕು.

ಇನ್ನು ಪಾಲುದಾರರ ವಿಷಯ. ಮೂವರಲ್ಲಿ ಒಬ್ಬರಿಗೆ ಅದೇ ಹೆಸರಲ್ಲಿ ಮುಂದುವರಿಸೋ ಆಸೆ ಇದ್ದರೆ ಅಳಿಸೋ ಮಾತೇ ಬೇಡ. ಅವರಿಗೆ ಪೂರ್ತಿ ಹಿಡಿತ ಕೊಟ್ಟು, ಅವರು ಒಪ್ಪಿಕೊಂಡ ಮೇಲೆ ಉಳಿದಿಬ್ಬರು ಹೊರಬಂದರೆ ಹಸ್ತಾಂತರ ಮುಗಿದ ಹಾಗೆ. ಅವರಿಗೆ ತಮ್ಮದೇ ಪೋರ್ಟ್‌ಫೋಲಿಯೋ ಇದ್ದರೆ ಪೇಜನ್ನು ಅದಕ್ಕೆ ಸೇರಿಸಿಕೊಳ್ಳಬಹುದು, ಹಳೆಯದು ಬಿಟ್ಟುಕೊಟ್ಟ ಮೇಲೆ. ಯಾರಿಗೂ ಬೇಡ ಅಂತಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು, 'ಈ ತಾರೀಕಿಗೆ ಅಳಿಸ್ತೇನೆ, ಸರಿ ತಾನೆ?' ಅಂತ ಹಾಕಿ, ಇಬ್ಬರ ಉತ್ತರ ಬರಲಿ. ಫೇಸ್‌ಬುಕ್ ಕೇಳಲ್ಲ ನಿಜ, ಆದರೆ ನಾಳೆ ಜಗಳ ಬಂದರೆ ಅವರು ಕೇಳ್ತಾರೆ.

ಅಳಿಸೋ ಮುಂಚೆ ಫೋಟೋ, ಪೋಸ್ಟ್, ಮೆಸೇಜುಗಳ ಒಂದು ಪ್ರತಿ ಡೌನ್‌ಲೋಡ್ ಮಾಡಿಕೊಳ್ಳಿ. ಅಡ್ವಾನ್ಸ್ ಕೊಟ್ಟವರ ಮಾತುಕತೆ ಇನ್‌ಬಾಕ್ಸಿನಲ್ಲೇ ಇರಬಹುದು, ಅದು ಲೆಕ್ಕಕ್ಕೆ ಬೇಕಾಗುತ್ತೆ. ಜಾಹೀರಾತು ಖಾತೆ ಪೇಜಿಗಿಂತ ಬೇರೆ. ಪೇಜ್ ಹೋದರೂ ಅದು ಉಳಿಯುತ್ತೆ, ಕಾರ್ಡೂ ಅದರಲ್ಲೇ ಕೂತಿರುತ್ತೆ, ಅದನ್ನು ಪ್ರತ್ಯೇಕ ಮುಚ್ಚಿಸಿ. ಜೋಡಿಸಿದ ಇನ್‌ಸ್ಟಾಗ್ರಾಮ್ ಖಾತೆಯೂ ಅಷ್ಟೇ, ತಾನಾಗಿ ಅಳಿಯಲ್ಲ.

ಇಷ್ಟಾದ ಮೇಲೆ Settings ಒಳಗೆ Access and control ತೆರೆದರೆ ಎರಡು ಆಯ್ಕೆ ಸಿಗುತ್ತವೆ. Deactivate Page ಅಂದರೆ ಪೇಜ್ ಮರೆಯಾಗುತ್ತೆ, ಬೇಕಾದಾಗ ತಿರುಗಿ ತರಬಹುದು. Delete Page ಅಂದರೆ ಶಾಶ್ವತ, ಆದರೆ ಅದಕ್ಕೂ 30 ದಿನದ ಗಡುವಿದೆ. ಆ ಅವಧಿಯಲ್ಲಿ ಪೂರ್ತಿ ಹಿಡಿತ ಇರುವ ಇನ್ನೊಬ್ಬರು ಒಳಗೆ ಹೋಗಿ ಅಳಿಸೋದನ್ನು ರದ್ದು ಮಾಡಬಹುದು. ಹಾಗಾಗಿ ಪಾಲುದಾರರ ಒಪ್ಪಿಗೆ ಬಂದ ಮೇಲೆ, ಬಟನ್ ಒತ್ತೋ ಮೊದಲೇ Page access ಪಟ್ಟಿಯಿಂದ ಏಜೆನ್ಸಿಯವರ ಮತ್ತು ಹಳೇ ಕೆಲಸದವರ ಹೆಸರು ತೆಗೆದುಹಾಕಿ. ನಿಮ್ಮದೊಂದು, ನಂಬಿಕೆಯ ಪಾಲುದಾರರದೊಂದು ಇದ್ದರೆ ಸಾಕು. ಬರೀ ನಿಮ್ಮ ಒಂದೇ ಹೆಸರು ಇಟ್ಟರೆ ಆ ತಿಂಗಳಲ್ಲಿ ನಿಮ್ಮ ಖಾತೆಗೇ ಏನಾದರೂ ತೊಂದರೆ ಬಂದಾಗ ರದ್ದು ಮಾಡಲೂ ಯಾರೂ ಇರೋದಿಲ್ಲ.

ಈಗಲೂ ಬರ್ತಿರೋ ಮದುವೆ ಆರ್ಡರ್ ಮೆಸೇಜುಗಳಿಗೆ ನನ್ನ ಸಲಹೆ: ಕೂಡಲೇ ಅಳಿಸೋ ಬದಲು 'ಕೇಟರಿಂಗ್ ನಿಲ್ಲಿಸಿದ್ದೇವೆ' ಅಂತ ಒಂದು ಪೋಸ್ಟ್ ಹಾಕಿ ಮೇಲೆ ಪಿನ್ ಮಾಡಿ, ಮೆಸೇಜಿಗೆ ತಾನಾಗಿ ಹೋಗುವ ಉತ್ತರದಲ್ಲೂ ಅದನ್ನೇ ಬರೆಯಿರಿ. ಒಪ್ಪಿಕೊಂಡ ಕೊನೆಯ ಆರ್ಡರ್ ಮುಗಿದ ಮೇಲೆ ಅಳಿಸಿ.