ಅಪ್ಪ ಕಂಪ್ಯೂಟರ್ ಸೈನ್ಸ್ ಅಂತಾರೆ, ನನಗೆ ಕೃಷಿ ಓದಬೇಕು: ಜಗಳವಾಗದಂತೆ ಮಾತಾಡೋದು ಹೇಗೆ?

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನವಳು. ಸಿಇಟಿ ರ್‍ಯಾಂಕ್ ಬಂದಿದೆ. ರಾಯಚೂರಿನಲ್ಲಿ ಬಿ.ಎಸ್ಸಿ ಕೃಷಿ ಓದುವ ಆಸೆ. ಅಪ್ಪ ಕಂಪ್ಯೂಟರ್ ಸೈನ್ಸೇ ಆಗಬೇಕು ಅಂತಾರೆ. ಮಾತು ತೆಗೆದರೆ ಅವರು ಎದ್ದು ಹೋಗ್ತಾರೆ, ನಾನು ಅಳ್ತೀನಿ. ಏನು ಮಾಡಲಿ?

ಉತ್ತರ: ಪಿಯು ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಹತ್ತಿರ ಪ್ರತಿ ವರ್ಷ ಬರುವ ಪ್ರಶ್ನೆ ಇದು. ಎರಡು ವರ್ಷದ ಹಿಂದೆ ನಿಮ್ಮಂಥದೇ ಒಂದು ಮನೆಯಲ್ಲಿ ನಾನೂ ಕೂತಿದ್ದೆ. ಅಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಆ ಹುಡುಗಿಯ ಅಪ್ಪ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ಮೊದಲ ಮಾತೇ ಹೀಗಿತ್ತು: "ಇಷ್ಟು ಓದಿ ಮತ್ತ ಗದ್ದಿಗೇ ಬರ್ತಿಯೇನವ್ವಾ?" ಮಗಳು "ನನ್ನ ಜೀವನ ನನ್ನಿಷ್ಟ" ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವಳು ಕೇಳಿದ್ದು ಬೇರೆ: "ಅಪ್ಪಾ, ನಿನಗ ಯಾವುದರ ಅಂಜಿಕಿ?" ಆಗ ಎಲ್ಲ ಹೊರಗೆ ಬಂತು. ಕೊನೆ ಭಾಗಕ್ಕೆ ನೀರು ಬಾರದೆ ಒಣಗಿದ ಎರಡನೇ ಬೆಳೆ, ಗೊಬ್ಬರದಂಗಡಿ ಸಾಲ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಿದ್ದೆಯಿಲ್ಲದೆ ಕಳೆದ ರಾತ್ರಿ. ಅವರಿಗೆ ಕೃಷಿ ಓದು ಅಂದರೆ ಈ ಬದುಕೇ. ತನ್ನ ಕಷ್ಟ ಮಗಳಿಗೆ ಬೇಡ ಅನ್ನುವ ತಂದೆಯನ್ನು ಹಟಮಾರಿ ಅನ್ನಲು ನನಗಂತೂ ಬಾಯಿ ಬರಲಿಲ್ಲ.

ಆ ಅಂಜಿಕೆಗೆ ಉತ್ತರ ಮಗಳ ಹತ್ತಿರ ಸಿದ್ಧವಿರಬೇಕು. ಇದೂ ಇಂಜಿನಿಯರಿಂಗ್‌ನಂತೆ ನಾಲ್ಕು ವರ್ಷದ ಪದವಿ. ಮುಗಿಸಿದವರು ಕೃಷಿ ಇಲಾಖೆಯಲ್ಲಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗೆ, ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆಯಬಹುದು. ಬೀಜ, ಗೊಬ್ಬರದ ಕಂಪನಿಗಳೂ ತೆಗೆದುಕೊಳ್ಳುತ್ತವೆ. ಆದರೆ ನೌಕರಿ ಗ್ಯಾರಂಟಿ ಅಂತ ಹೇಳಬೇಡಿ. ಸರ್ಕಾರಿ ಹುದ್ದೆಗೆ ಅಧಿಸೂಚನೆ ಯಾವಾಗ ಬರುತ್ತದೋ ಯಾರೂ ಹೇಳಲಾರರು. ಅದನ್ನು ನೀವೇ ಮೊದಲು ಹೇಳಿಬಿಟ್ಟರೆ ಉಳಿದ ಮಾತನ್ನೂ ಅಪ್ಪ ನಂಬುತ್ತಾರೆ.

ಇನ್ನು ಮುಖ್ಯ ವಿಷಯ. "ಕೃಷಿಯೋ ಕಂಪ್ಯೂಟರೋ" ಅಂತ ಇವತ್ತೇ ಇತ್ಯರ್ಥ ಮಾಡಬೇಕಾಗಿಲ್ಲ. ಕೆಇಎ ಆಪ್ಷನ್ ಎಂಟ್ರಿಯಲ್ಲಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಬಹುದು. ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ್‍ಯಾಂಕಿಗೆ ಮೊದಲು ಸಿಗುವ ಸೀಟನ್ನು ಕೊಡುತ್ತಾರೆ. ಹಾಗಾಗಿ ಸಿಗುವುದು ಕಷ್ಟ ಅನಿಸಿದ್ದನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಏನೂ ಕುಂದಿಲ್ಲ. ಮನೆಯಲ್ಲಿ ಮಾತಾಡಬೇಕಾದ್ದು ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಮಾತ್ರ.

ಆ ಮನೆಯಲ್ಲಿ ಗೊಬ್ಬರದ ಬಿಲ್ಲಿನ ಹಿಂದೆ ಪಟ್ಟಿ ಬರೆದರು. ಮೊದಲು ರಾಯಚೂರಿನ ಕೃಷಿ ಕಾಲೇಜು, ಆಮೇಲೆ ಭೀಮರಾಯನಗುಡಿಯದು. ಮೂರನೆಯದಕ್ಕೆ ರಾಯಚೂರಿನ ಕೃಷಿ ಇಂಜಿನಿಯರಿಂಗ್. ಅದು ಬಿ.ಟೆಕ್ ಅಂತ ಗೊತ್ತಾದಾಗ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. ನಾಲ್ಕನೆಯದು ರಾಯಚೂರು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಸೈನ್ಸ್. ಕೈ ಸಾಲ ಮಾಡಿ ಬೆಂಗಳೂರಿನ ಖಾಸಗಿ ಕಾಲೇಜಿಗೆ ಕಳಿಸುವುದು ಬೇಡ ಅಂತ ಅಪ್ಪನೇ ಅದನ್ನು ಪಟ್ಟಿಯಿಂದ ಬಿಟ್ಟರು. ರೈತರ ಮಕ್ಕಳ ಕೋಟಾ, 371ಜೆ ಮೀಸಲಾತಿ ಎರಡನ್ನೂ ಅರ್ಜಿ ಹಾಕುವಾಗಲೇ ಕೇಳಿದ್ದರು. ಅದರ ಕಾಗದಪತ್ರಕ್ಕೆ ಕಚೇರಿಗಳನ್ನು ಸುತ್ತಿದವರು ಅಪ್ಪನೇ. ನಮ್ಮ ಭಾಗದ ಕಾಲೇಜುಗಳಲ್ಲಿ 371ಜೆ ಅಡಿ 70% ಸೀಟು ಇಲ್ಲಿನ ಮಕ್ಕಳಿಗೇ ಮೀಸಲು.

ಅಣಕು ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ಬಂದ ದಿನ ಮತ್ತೆ ಕೂಡಿ. ಅದು ನಿಜವಾದ ಸೀಟಲ್ಲ, ನಿಮ್ಮ ಪಟ್ಟಿಗೆ ಏನು ಸಿಗಬಹುದು ಅನ್ನುವ ಅಂದಾಜು. ನೋಡಿದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ. ಬಂದ ಫಲಿತಾಂಶದ ಮುಂದೆ ಕೂತಾಗ ಇಬ್ಬರ ದನಿಯೂ ತಗ್ಗುತ್ತದೆ, ಇದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಕೆಲಸ ಕೆಡುವುದು ಎರಡು ಕಡೆ. ಒಂದು, ಅಪ್ಪನಾಗಲಿ ಮಗಳಾಗಲಿ ಯಾರಿಗೂ ಹೇಳದೆ ಸೈಬರ್ ಸೆಂಟರಿಗೆ ಹೋಗಿ ಪಟ್ಟಿ ತಿದ್ದಿ ಬರುವುದು. ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿರಲಿ, ಕೊನೆಗೆ ಸೇವ್ ಆದ ಪಟ್ಟಿಯ ಪ್ರಿಂಟ್ ಮನೆಯಲ್ಲಿರಲಿ. ಇನ್ನೊಂದು, ಮೊದಲ ಸುತ್ತಿನ ನಂತರದ ಚಾಯ್ಸ್. ಚಾಯ್ಸ್ 2 ಒತ್ತಿದರೆ ಸೀಟು ಕೈಯಲ್ಲಿರುತ್ತದೆ, ಪಟ್ಟಿಯಲ್ಲಿ ಮೇಲಿನದು ಸಿಕ್ಕರೆ ಮಾತ್ರ ಇದು ಹೋಗುತ್ತದೆ. ಚಾಯ್ಸ್ 3 ಅಂದರೆ ಸಿಕ್ಕ ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುವುದು. ಸಿಟ್ಟಿನಲ್ಲಿ 3 ಒತ್ತಿ ಎರಡೂ ಕಳಕೊಂಡ ಹುಡುಗನೊಬ್ಬ ನಮ್ಮ ಕಾಲೇಜಿನಲ್ಲೇ ಇದ್ದ.

ಮಾತಿಗೆ ಹೊತ್ತು ನೋಡಿ ಕೂಡಿ. ಅಂಗಡಿ ಬಾಕಿಗೆ ಫೋನು ಬಂದ ಸಂಜೆ ಬೇಡ, ನೆಂಟರು ಬಂದಾಗಂತೂ ಬೇಡ. ನಾಲ್ಕು ಜನರ ಮುಂದೆ ಒಮ್ಮೆ ಇಲ್ಲ ಅಂದ ಅಪ್ಪನಿಗೆ ಆಮೇಲೆ ಹೂಂ ಅನ್ನೋದು ಕಷ್ಟ. ಅವ್ವ ಜೊತೆಗಿರಲಿ, ಆದರೆ ನಿಮ್ಮ ಮಾತನ್ನು ಅವರ ಬಾಯಿಂದ ಹೇಳಿಸಬೇಡಿ.

ಆ ಹುಡುಗಿಗೆ ಅಣಕು ಹಂಚಿಕೆಯಲ್ಲಿ ಭೀಮರಾಯನಗುಡಿ ಬಂತು. ಅಪ್ಪ ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿ, ಪಟ್ಟಿ ಬರೆದ ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡು ನನ್ನನ್ನು ಕೇಳಿದ್ದು ಇಷ್ಟೇ: "ಸರ್, ಅಲ್ಲಿ ಹೆಣ್ಮಕ್ಕಳ ಹಾಸ್ಟೆಲ್ ಚಲೋ ಅದ ಏನ್ರೀ?"