ಕೊನೆಯ ಸಾಲಿನಿಂದಲೂ ಕಾಣುವ ಒಂದು ಮಿಲಿಮೀಟರ್

ಕಳೆದ ವರ್ಷ ಒಂದು ತರಬೇತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದೆ. ಸ್ಲೈಡ್ ಬದಲಾದಾಗಲೆಲ್ಲ ತಲೆಬರಹ ಸ್ವಲ್ಪ ಹಾರುತ್ತಿತ್ತು. ಒಮ್ಮೆ ಬಲಕ್ಕೆ, ಒಮ್ಮೆ ಮೇಲಕ್ಕೆ. ಹತ್ತನೇ ಸ್ಲೈಡ್ ಹೊತ್ತಿಗೆ ನಾನು ವಿಷಯ ಬಿಟ್ಟು ಆ ಹಾರಾಟವನ್ನೇ ನೋಡುತ್ತಿದ್ದೆ. ಟೀ ಬಿಡುವಿನಲ್ಲಿ ಫೈಲ್ ತೆರೆದು ನೋಡಿದೆವು. ತಲೆಬರಹದ ಪೆಟ್ಟಿಗೆ ಒಂದು ಸ್ಲೈಡಿನಲ್ಲಿ ಎಡ ಅಂಚಿನಿಂದ 1.93 ಸೆಂ.ಮೀ ದೂರದಲ್ಲಿತ್ತು, ಮುಂದಿನದರಲ್ಲಿ 2.01. ಒಂದು ಮಿಲಿಮೀಟರ್ ಕೂಡ ಇಲ್ಲ. ಅಷ್ಟು ಹಿಂದೆ ಕೂತವರಿಗೂ ಅದು ಕಂಡಿದ್ದು ಹೇಗೆ?

ಪಿಯುಸಿಯಲ್ಲಿ ವಿಜ್ಞಾನ ಓದಿದವರು ವರ್ನಿಯರ್ ಕ್ಯಾಲಿಪರ್ಸ್ ಹಿಡಿದಿರುತ್ತಾರೆ. ಎರಡು ಸ್ಕೇಲುಗಳಲ್ಲಿ ಯಾವ ಗೆರೆ ಯಾವ ಗೆರೆಗೆ ನೇರವಾಗಿ ಕೂತಿದೆ ಅಂತ ನೋಡಿ ಅಳತೆ ಹೇಳಬೇಕು. ಫ್ರೆಂಚ್ ಗಣಿತಜ್ಞ ಪಿಯೆರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಈ ಉಪಾಯ ನಿಂತಿರುವುದು ಕಣ್ಣಿನ ಒಂದು ವಿಶೇಷ ಶಕ್ತಿಯ ಮೇಲೆ. ಅಕ್ಕಪಕ್ಕದ ಎರಡು ಗೆರೆಗಳನ್ನು ಬೇರೆ ಬೇರೆ ಎಂದು ಗುರುತಿಸಲು ನಮ್ಮ ಕಣ್ಣಿಗೆ ಸುಮಾರು 60 ಸೆಕೆಂಡಿನಷ್ಟು ಕೋನ ಬೇಕು. ಇಲ್ಲಿ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ. ಆದರೆ ಒಂದರ ಕೆಳಗೊಂದು ಇರುವ ಎರಡು ಗೆರೆಗಳು ನೇರವಾಗಿಲ್ಲ ಎಂದು ಹೇಳಲು, ಬೆಳಕು ಚೆನ್ನಾಗಿದ್ದರೆ, ಸುಮಾರು 5 ಸೆಕೆಂಡ್ ಸಾಕು. ಇದು ರೆಟಿನಾದಲ್ಲಿ ಬೆಳಕನ್ನು ಗ್ರಹಿಸುವ ಒಂದು ಕೋನ್ ಕೋಶದ ಅಗಲಕ್ಕಿಂತಲೂ ಕಡಿಮೆ! ಗೆರೆಯ ಉದ್ದಕ್ಕೂ ಇರುವ ಅನೇಕ ಕೋಶಗಳ ಸುದ್ದಿಯನ್ನು ಮಿದುಳು ಒಟ್ಟು ಸೇರಿಸಿ, ಗೆರೆ ನಿಜವಾಗಿ ಎಲ್ಲಿದೆ ಅಂತ ಲೆಕ್ಕ ಹಾಕುವುದರಿಂದ ಇದು ಸಾಧ್ಯ.

ಈಗ ಒಂದು ಹಾಲ್ ಊಹಿಸಿಕೊಳ್ಳಿ. ಪರದೆ 2 ಮೀಟರ್ ಅಗಲ, ಪ್ರೊಜೆಕ್ಟರಿನದು 1920 ಪಿಕ್ಸೆಲ್. ಒಂದು ಪಿಕ್ಸೆಲ್ ಅಂದರೆ ಸುಮಾರು 1 ಮಿ.ಮೀ. ಆರು ಮೀಟರ್ ದೂರದಿಂದ ಅದು 36 ಸೆಕೆಂಡ್ ಕೋನ. ಕಣ್ಣಿಗೆ ಬೇಕಾದ ಕನಿಷ್ಠಕ್ಕಿಂತ ಏಳು ಪಟ್ಟು ಜಾಸ್ತಿ. ಹಾಗಾಗಿ ಒಂದರ ಕೆಳಗೊಂದು ಇಟ್ಟ ಎರಡು ಪೆಟ್ಟಿಗೆಗಳ ಅಂಚು ಒಂದೇ ಪಿಕ್ಸೆಲ್ ತಪ್ಪಿದರೂ ಸಿಕ್ಕಿಬೀಳುತ್ತದೆ. ಪೆಟ್ಟಿಗೆಗಳು ದೂರ ದೂರ ಇದ್ದರೆ ಈ ಚುರುಕು ಕಡಿಮೆಯಾಗುತ್ತದೆ, ನಿಜ. ಆದರೆ ತಲೆಬರಹದ ಕಥೆ ಬೇರೆ. ಅಲ್ಲಿ ಎರಡು ಸ್ಲೈಡುಗಳು ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಬರುತ್ತವೆ. ಹೀಗೆ ಬಂದಾಗ ಮಿದುಳು ಸಣ್ಣ ವ್ಯತ್ಯಾಸವನ್ನು ಚಲನೆ ಎಂದೇ ಓದುತ್ತದೆ. ಮನಃಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ವಿವರವಾಗಿ ಬರೆದದ್ದು ಇದೇ ತೋರಿಕೆಯ ಚಲನೆಯ ಬಗ್ಗೆ. ಆವತ್ತಿನ ಆ 0.8 ಮಿ.ಮೀ, 2 ಮೀಟರ್ ಪರದೆಯ ಮೇಲೆ ಹೆಚ್ಚುಕಡಿಮೆ 5 ಮಿ.ಮೀ ಆಗುತ್ತದೆ. ಚಲಿಸುವುದರ ಕಡೆಗೆ ಕಣ್ಣು ತಾನಾಗಿ ತಿರುಗುತ್ತದೆ, ತಡೆಯುವುದು ಕಷ್ಟ.

ಪೆಟ್ಟಿಗೆಗಳ ನಡುವಿನ ಜಾಗದ ವಿಷಯದಲ್ಲಿ ಕಣ್ಣು ಇನ್ನೊಂದು ರೀತಿ ಅಳೆಯುತ್ತದೆ. ಅಲ್ಲಿ ಮುಖ್ಯವಾಗುವುದು ಶೇಕಡಾವಾರು ವ್ಯತ್ಯಾಸ. 1.2 ಸೆಂ.ಮೀ ಜಾಗದ ಪಕ್ಕ 1.4 ಇದ್ದರೆ ತಪ್ಪು ಎದ್ದು ಕಾಣುತ್ತದೆ. 12ರ ಪಕ್ಕ 12.2 ಇದ್ದರೆ ಯಾರೂ ಗಮನಿಸುವುದಿಲ್ಲ. ಆದ್ದರಿಂದ ಹೆಚ್ಚು ಶ್ರಮ ಹಾಕಬೇಕಾದದ್ದು ಸಣ್ಣ ಸಂದುಗಳ ಮೇಲೆ.

ಪವರ್‌ಪಾಯಿಂಟಿನಲ್ಲಿ ಎಳೆಯುವಾಗ ಕೆಂಪು ಚುಕ್ಕೆಗೆರೆಗಳು ಮೂಡುತ್ತವೆ ಅಲ್ವಾ? ಅವೇ Smart Guides. ಒಳ್ಳೆಯ ಸೌಲಭ್ಯವೇ, ಆದರೆ ಅವು ನೋಡುವುದು ಆ ಒಂದು ಸ್ಲೈಡನ್ನು ಮಾತ್ರ. Align ಒಳಗಿನ Distribute Horizontally ಕೂಡ ಹಾಗೆಯೇ. ಅದು ಎರಡು ಕೊನೆಯ ಪೆಟ್ಟಿಗೆಗಳನ್ನು ಅಲುಗಿಸದೆ, ನಡುವಿನವನ್ನು ಸರಿಸಿ ಸಂದುಗಳನ್ನು ಸಮ ಮಾಡುತ್ತದೆ. ಕೊನೆಯ ಪೆಟ್ಟಿಗೆಗಳನ್ನು ನೀವು ಕೈಯಲ್ಲಿ ಸುಮ್ನೆ ಇಟ್ಟಿದ್ದರೆ, ಒಂದು ಸ್ಲೈಡಿನಲ್ಲಿ ಸಂದು 1.1, ಇನ್ನೊಂದರಲ್ಲಿ 1.4 ಆಗುತ್ತದೆ. ಪ್ರತಿ ಸ್ಲೈಡೂ ತನ್ನಷ್ಟಕ್ಕೆ ಸರಿ. ಸಾಲಾಗಿ ತೋರಿಸಿದಾಗ ಮಾತ್ರ ಎಲ್ಲವೂ ಅಲುಗಾಡುತ್ತವೆ.

ಇದಕ್ಕೆ ಮದ್ದು ಎಲ್ಲ ಸ್ಲೈಡಿಗೂ ಒಂದೇ ಗೆರೆಗಳು. ಗಾರೆಯವರು ಗೋಡೆಯ ಎರಡು ತುದಿಗೆ ದಾರ ಕಟ್ಟಿ ಆಮೇಲೆ ಇಟ್ಟಿಗೆ ಇಡುತ್ತಾರಲ್ಲ, ಹಾಗೆ. View ಮೆನುವಿನಲ್ಲಿ, ಎಲ್ಲ ಸ್ಲೈಡುಗಳ ಮೂಲ ವಿನ್ಯಾಸ ಇರುವ Slide Master ತೆರೆಯಿರಿ. ಎಡಪಟ್ಟಿಯ ಎಲ್ಲಕ್ಕಿಂತ ಮೇಲಿನ ದೊಡ್ಡ ಸ್ಲೈಡನ್ನು ಆರಿಸಿ, View ಮೆನುವಿಗೆ ಹೋಗಿ Guides ಗುರುತು ಹಾಕಿ. ನಡುವಿನಲ್ಲಿ ಒಂದು ಅಡ್ಡ, ಒಂದು ಉದ್ದ ಗೆರೆ ಬರುತ್ತದೆ. Ctrl ಒತ್ತಿ ಎಳೆದರೆ ಗೆರೆಯ ಪ್ರತಿ ಸಿಗುತ್ತದೆ. ನಡುವಿನಿಂದ ಎಷ್ಟು ದೂರ ಎಂಬ ಸಂಖ್ಯೆಯೂ ಕಾಣುತ್ತದೆ. ಇಲ್ಲಿ ಇಟ್ಟ ಗೆರೆಗಳು ಎಲ್ಲ ಸ್ಲೈಡಿನಲ್ಲೂ ಕಾಣುತ್ತವೆ, ಮಾಮೂಲಿ ನೋಟದಲ್ಲಿ ಕೈತಪ್ಪಿಯೂ ಸರಿಯುವುದಿಲ್ಲ. ಪ್ರದರ್ಶನದಲ್ಲಿ ಮಾತ್ರ ಕಾಣುವುದಿಲ್ಲ.

ನಾನು ಬಳಸುವ ಅಳತೆ ಹೇಳುತ್ತೇನೆ. ಅಗಲದ ಸ್ಲೈಡ್ 33.87 ಸೆಂ.ಮೀ. ನಡುವಿನಿಂದ ಎಡಕ್ಕೆ 15, ಬಲಕ್ಕೆ 15ರಲ್ಲಿ ಗಡಿಗೆರೆ. ನಡುವೆ ಉಳಿಯುವುದು 30 ಸೆಂ.ಮೀ. ಸಂದು ಯಾವಾಗಲೂ 1.2. ಮೂರು ಪೆಟ್ಟಿಗೆ ಬೇಕಾದರೆ ಎರಡು ಸಂದು, ಅಂದರೆ 2.4 ಕಳೆದು ಮೂರರಿಂದ ಭಾಗಿಸಿ: ಒಂದೊಂದು 9.2. ನಾಲ್ಕಾದರೆ 6.6, ಎರಡಾದರೆ 14.4. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ, ಅದಕ್ಕೇ ಈ ಅಳತೆ ನನಗೆ ಇಷ್ಟ. ಮೂರು ಪೆಟ್ಟಿಗೆಗೆ ನಡುವಿನಿಂದ ಎರಡೂ ಕಡೆ 4.6 ಮತ್ತು 5.8ರಲ್ಲಿ ಗೆರೆ ಎಳೆದರೆ ಮುಗಿಯಿತು. ಪೆಟ್ಟಿಗೆಯ ಅಗಲವನ್ನು ಎಳೆದು ಹೊಂದಿಸಬೇಡಿ, Shape Format ಪಟ್ಟಿಯಲ್ಲಿ 9.2 ಎಂದು ಟೈಪ್ ಮಾಡಿ.

ಇಷ್ಟಾದರೂ ಒಂದು ಕಡೆ ಸಾಲು ತಪ್ಪಿದಂತೆ ಕಾಣಬಹುದು. ಚಿತ್ರ ಮತ್ತು ಅದರ ಕೆಳಗಿನ ಬರಹ ಎರಡನ್ನೂ Align Left ಮಾಡಿರುತ್ತೀರಿ, ಆದರೂ ಬರಹ ಒಳಗೆ ಸರಿದಿರುತ್ತದೆ. ತಪ್ಪು ನಿಮ್ಮದಲ್ಲ. ಬರಹದ ಪೆಟ್ಟಿಗೆಗೆ ಎಡಬಲದಲ್ಲಿ 0.25 ಸೆಂ.ಮೀ ಒಳಅಂಚು ಮೊದಲೇ ಇರುತ್ತದೆ. ಸಾಲಾಗಿ ಕೂತಿರುವುದು ಕಾಣದ ಪೆಟ್ಟಿಗೆಯ ಅಂಚು, ಕಣ್ಣಿಗೆ ಕಾಣುವುದು ಅಕ್ಷರದ ಅಂಚು. Format Shape ಒಳಗೆ Text Box ವಿಭಾಗದಲ್ಲಿ Left margin ಅನ್ನು 0 ಮಾಡಿ. ಬಣ್ಣ ತುಂಬಿದ ಪೆಟ್ಟಿಗೆಗೆ ಮಾತ್ರ ಒಳಅಂಚು ಬೇಕು, ಅಲ್ಲಿ ಬಿಟ್ಟುಬಿಡಿ.

ಮೇಲಕ್ಕೆ ಹಾರುವ ತಲೆಬರಹಕ್ಕೆ ಕಾರಣ ಬೇರೆ. Office Theme ವಿನ್ಯಾಸದ ಒಳಪುಟಗಳಲ್ಲಿ ತಲೆಬರಹ ತನ್ನ ಪೆಟ್ಟಿಗೆಯ ನಟ್ಟನಡುವೆ ನಿಲ್ಲುತ್ತದೆ. ಒಂದು ಸಾಲು ಇದ್ದಾಗ ನಡುವೆ, ಎರಡು ಸಾಲು ಆದ ಕೂಡಲೇ ಮೊದಲ ಸಾಲು ಮೇಲೇರುತ್ತದೆ. ಕನ್ನಡದ ಪದಗಳು ಉದ್ದ, ಎರಡನೇ ಸಾಲಿಗೆ ಬೇಗ ಇಳಿಯುತ್ತವೆ. ಹಾಗಾಗಿ ನಮಗೆ ಈ ತೊಂದರೆ ಪದೇ ಪದೇ ಎದುರಾಗುತ್ತದೆ. Slide Master ಒಳಗೆ Vertical alignment ಅನ್ನು Top ಮಾಡಿದರೆ ಮೊದಲ ಸಾಲು ಎಲ್ಲ ಸ್ಲೈಡಿನಲ್ಲೂ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಹಳೆಯ ಸ್ಲೈಡುಗಳಲ್ಲಿ ಯಾರಾದರೂ ತಲೆಬರಹವನ್ನು ಎಳೆದಿದ್ದರೆ Home ಮೆನುವಿನ Reset ಒತ್ತಿ, ಜಾಗಕ್ಕೆ ಮರಳುತ್ತದೆ. ಬೇರೆಯಾಗಿ ಸೇರಿಸಿದ ಬರಹದ ಪೆಟ್ಟಿಗೆಗಳಿಗೆ ಮಾತ್ರ Reset ಕೆಲಸ ಮಾಡುವುದಿಲ್ಲ, ಅವನ್ನು ಒಂದೊಂದಾಗಿ ಸರಿಮಾಡಬೇಕು.

ಪರೀಕ್ಷೆ ಸುಲಭ. ಪ್ರದರ್ಶನ ಶುರುಮಾಡಿ, ಎರಡು ಸ್ಲೈಡುಗಳ ನಡುವೆ Page Down, Page Up ಬೇಗ ಬೇಗ ಒತ್ತಿ. ಜಾಗ ತಪ್ಪಿದ್ದು ತಾನೇ ಕುಣಿದು ತೋರಿಸುತ್ತದೆ.

ಸಂಖ್ಯೆ ಸೋಲುವ ಜಾಗವೂ ಒಂದಿದೆ. ಪ್ರತಿ ಅಕ್ಷರದ ಎಡಕ್ಕೆ ಫಾಂಟ್ ತಾನೇ ಒಂದಿಷ್ಟು ಖಾಲಿ ಬಿಟ್ಟಿರುತ್ತದೆ, ಅಕ್ಷರ ದೊಡ್ಡದಾದಷ್ಟೂ ಆ ಖಾಲಿ ದೊಡ್ಡದು. 44 ಪಾಯಿಂಟಿನ ತಲೆಬರಹ ‘ದ’ದಂಥ ದುಂಡಕ್ಷರದಿಂದ ಶುರುವಾದರೆ, ಕೆಳಗಿನ 20 ಪಾಯಿಂಟಿನ ಸಾಲಿಗಿಂತ ಕೂದಲೆಳೆಯಷ್ಟು ಒಳಗೆ ನಿಂತಂತೆ ಕಾಣುತ್ತದೆ. ಅಲ್ಲಿ ನಾನು ಕಣ್ಣಿನ ಮಾತು ಕೇಳಿ ತಲೆಬರಹದ ಪೆಟ್ಟಿಗೆಯನ್ನು 0.05 ಸೆಂ.ಮೀ ಎಡಕ್ಕೆ ಸರಿಸುತ್ತೇನೆ. ಒಂದು ಸ್ಲೈಡಿನಲ್ಲಲ್ಲ, Slide Master ಒಳಗೆ.